ಮುತ್ಯಾನ ಕಾರಿನ ದೀಪಗಳು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಿರಿ ಎಂದು ಮುಖ್ಯೋಪಾಧ್ಯಾಯರು ಫೋನಿನಲ್ಲಿ ಹೇಳಿದ್ದರು. ನಾನು ಒಂದು ಕಾರಿನ ಬಗ್ಗೆ ಹೇಳಬೇಕೆಂದು ಬಂದಿದ್ದೇನೆ, ದಯವಿಟ್ಟು ಕ್ಷಮಿಸಬೇಕು. ಬೆಂಗಳೂರಿನಲ್ಲಿ ನಾನು ಮಾಡುವ ಕೆಲಸವನ್ನು ಬಿಇ ಓದುವ ಮೊದಲೇ ನನಗೆ ಕಲಿಸಿದ್ದು ಆ ಕಾರು. ಕಲಿಸಿದ ಮಾಸ್ತರು ನಮ್ಮ ಮುತ್ಯಾ. ಈ ಸಭೆಯಲ್ಲಿರುವ ಹಿರಿಯರಲ್ಲಿ ಕೆಲವರು ಅವರನ್ನು ನೋಡಿದ್ದೀರಿ. ಬಿಳಿ ಧೋತರ, ತಲೆಗೆ ಟೊಪ್ಪಿಗೆ, ಬಿಳಿ ಮಾರುತಿ 800.

ಮುತ್ಯಾ ಕಲಬುರಗಿಯಲ್ಲಿ ಸರಕಾರಿ ಜೀಪಿನ ಚಾಲಕರಾಗಿದ್ದರು. ಓದಿದ್ದು ನಾಲ್ಕನೆಯ ಇಯತ್ತೆ. ನಿವೃತ್ತಿಯಾಗಿ ಊರಿಗೆ ಬಂದ ಮೇಲೆ, 1999ರಲ್ಲಿ, ಏಳು ವರ್ಷ ಹಳೆಯದಾದ ಆ ಕಾರನ್ನು ಕೊಂಡರು. ಆಗ ನಾನು ಐದನೆಯ ಇಯತ್ತೆಯಲ್ಲಿದ್ದೆ. ಈಗಿನ ಮಕ್ಕಳಿಗೆ ಆ ಕಾರಿನ ಪರಿಚಯ ಇರಲಿಕ್ಕಿಲ್ಲ. 1983ರ ಡಿಸೆಂಬರ್‌ನಲ್ಲಿ ಮೊದಲನೆಯದು ರಸ್ತೆಗಿಳಿಯಿತು, 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ನಡುವಿನ 30 ವರ್ಷ ನಮ್ಮಂಥ ಮನೆಗಳ ಮೊದಲ ಕಾರು ಬಹಳ ಕಡೆ ಅದೇ ಆಗಿತ್ತು. ಮೂರು ಸಿಲಿಂಡರಿನ 796 ಸಿಸಿ ಎಂಜಿನ್. ಸ್ಟೇರಿಂಗ್ ಹಿಂದೆ ವೇಗದ ಮುಳ್ಳು, ಪೆಟ್ರೋಲಿನ ಮುಳ್ಳು, ಬಿಸಿಯ ಮುಳ್ಳು, ಮತ್ತೆ ಕೆಲವು ಪುಟ್ಟ ದೀಪಗಳು. ಅಷ್ಟೇ.

ಮುತ್ಯಾನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ, ಯಾಕೆಂದರೆ ಆ ದೀಪಗಳ ಮೇಲೆ ಇರುವುದು ಅಕ್ಷರವಲ್ಲ, ಚಿತ್ರ. ತುದಿಯಿಂದ ಹನಿ ಬೀಳುತ್ತಿರುವ ಒಂದು ಗಿಂಡಿ. ಅದು ಎಂಜಿನ್ ಆಯಿಲ್ ದೀಪ, ಮುತ್ಯಾನ ಬಾಯಲ್ಲಿ 'ಎಣ್ಣಿ ಗಿಂಡಿ'. ಕೂಡುವ ಚಿಹ್ನೆ, ಕಳೆಯುವ ಚಿಹ್ನೆ ಇರುವ ಒಂದು ಡಬ್ಬಿ. ಅದು ಬ್ಯಾಟರಿಯದು, 'ಪೆಟ್ಟಿಗಿ'. ದುಂಡನೆಯ ಗೆರೆಯ ನಡುವೆ ಆಶ್ಚರ್ಯಸೂಚಕ ಚಿಹ್ನೆ. ಅದು ಬ್ರೇಕಿನದು. ಅದಕ್ಕೆ 'ಕೋಲು' ಎನ್ನುತ್ತಿದ್ದರು. ಈ ಮೂರೂ ಕೆಂಪು. ಹೈ ಬೀಮ್ ಹಾಕಿದಾಗ ಹತ್ತುವ ಇನ್ನೊಂದು ದೀಪ ನೀಲಿ. ಈ ನಾಲ್ಕು ದೀಪಗಳದೇ ನನ್ನ ಇವತ್ತಿನ ಕಥೆ.

ಮುತ್ಯಾ ಕೀಲಿ ತಿರುಗಿಸಿ ಒಮ್ಮೆಲೇ ಗಾಡಿ ಚಾಲೂ ಮಾಡುತ್ತಿರಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದಿರುತ್ತಿದ್ದರು. ಕೀಲಿಯನ್ನು ಅರ್ಧ ತಿರುಗಿಸಿ ನಿಲ್ಲಿಸಿ, ಪಕ್ಕದಲ್ಲಿ ಕುಳಿತ ನನ್ನನ್ನು ಕೇಳುತ್ತಿದ್ದರು: "ತಮ್ಮಾ, ಎಷ್ಟು ಹತ್ತ್ಯಾವ?"

"ಮೂರು, ಮುತ್ಯಾ."

ಆಮೇಲೆ ಸ್ಟಾರ್ಟ್ ಮಾಡುತ್ತಿದ್ದರು. "ಈಗ?"

"ಎರಡು ಆರಿದ್ವು." ಹ್ಯಾಂಡ್ ಬ್ರೇಕ್ ಬಿಟ್ಟ ಕೂಡಲೇ ಮೂರನೆಯದೂ ಆರುತ್ತಿತ್ತು. ಆಗ ಗಾಡಿ ಹೊರಡುತ್ತಿತ್ತು. ಪ್ರತಿ ದಿನವೂ ಇದೇ ಪ್ರಶ್ನೆ, ಇದೇ ಉತ್ತರ. ನನಗೆ ಅದು ಮಗ್ಗಿ ಹೇಳಿದ ಹಾಗೆ ಆಗಿಬಿಟ್ಟಿತ್ತು.

ಏಳನೆಯ ಇಯತ್ತೆಯಲ್ಲಿದ್ದಾಗ ಒಂದು ಮುಂಜಾನೆ ನಾನು ಕಿಡಕಿಯಿಂದ ಹೊರಗೆ ನೋಡುತ್ತಲೇ "ಮೂರು" ಎಂದೆ. ಮುತ್ಯಾ ಸ್ಟಾರ್ಟ್ ಮಾಡಲಿಲ್ಲ. "ತಿರುಗಿ ನೋಡಿ ಹೇಳು" ಎಂದರು. ನೋಡಿದರೆ ಎರಡೇ ಇದ್ದವು. ಎಣ್ಣೆ ಗಿಂಡಿ ಹತ್ತಿರಲಿಲ್ಲ.

"ಹತ್ತಿಲ್ಲಂದ್ರ ಛಲೋನೇ ಆಯ್ತಲ್ಲ ಮುತ್ಯಾ, ಎಣ್ಣಿ ಬರೋಬರಿ ಅದ ಅಂತ ಅರ್ಥ" ಎಂದೆ.

ಮುತ್ಯಾ ನಕ್ಕರು. "ಎಂಜಿನ್ ಇನ್ನಾ ತಿರುಗಿಲ್ಲ. ಎಣ್ಣಿ ಪಂಪೂ ತಿರುಗಿಲ್ಲ. ಅಂದಮ್ಯಾಲ ಈಗ ಎಣ್ಣಿಗಿ ಜೋರು ಎಲ್ಲಿಂದ ಬಂತು? ಈಗ ಅದು ಹತ್ತಲೇಬೇಕು. ಹತ್ತಿಲ್ಲಂದ್ರ ಹೇಳಾಂವನೇ ಸತ್ತಾನ."

ಅವರು ಹೇಳಿದ್ದರ ಹಿಂದಿನ ಕೆಲಸ ಬಹಳ ಸರಳ. ಎಂಜಿನ್ನಿನ ಮೈಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಸ್ವಿಚ್ ತಿರುಗಿಸಿ ಕೂರಿಸಿರುತ್ತಾರೆ. ಆಯಿಲ್ ಒತ್ತಡ ಇಲ್ಲದಾಗ ಅದು ವೈರನ್ನು ಎಂಜಿನ್ನಿನ ಲೋಹಕ್ಕೆ ಜೋಡಿಸುತ್ತದೆ, ದೀಪ ಹತ್ತುತ್ತದೆ. ಎಂಜಿನ್ ತಿರುಗಿ ಆಯಿಲ್ ಒತ್ತಡ ಬಂದಾಗ ಒಳಗಿನ ಪರದೆ ಮೇಲೆದ್ದು ಜೋಡಣೆ ಬಿಡಿಸುತ್ತದೆ, ದೀಪ ಆರುತ್ತದೆ. ಬಲ್ಬ್ ಸುಟ್ಟಿದ್ದರೆ ಅಥವಾ ವೈರ್ ಕಳಚಿದ್ದರೆ ದೀಪ ಯಾವಾಗಲೂ ಆರಿಯೇ ಇರುತ್ತದೆ. ಓಡುವ ಗಾಡಿಯಲ್ಲಿ ಎರಡಕ್ಕೂ ಭೇದ ಕಾಣುವುದಿಲ್ಲ. ಭೇದ ಕಾಣುವುದು ಕೀಲಿ ಅರ್ಧ ತಿರುಗಿಸಿದ ಆ ಎರಡು ಸೆಕೆಂಡಿನಲ್ಲಿ ಮಾತ್ರ. ಅವತ್ತು ಮುತ್ಯಾ ಬಲ್ಬ್ ತೆಗೆದು ನೋಡಿದರು, ಒಳಗಿನ ತಂತಿ ಹರಿದಿತ್ತು. ಹೊಸ ಬಲ್ಬ್ ಹಾಕಿದ ಮೇಲೆಯೇ ಗಾಡಿ ತೆಗೆದರು. ದೀಪ ಆರಿದ್ದರೆ ಎಲ್ಲ ಸರಿ ಇದೆ ಎಂದು ತಿಳಿಯುವ ಮೊದಲು, ಆ ದೀಪಕ್ಕೆ ಹತ್ತಲು ಬರುತ್ತದೆಯೋ ಇಲ್ಲವೋ ನೋಡಬೇಕು. ಇದು ಮೊದಲ ಪಾಠ.

ಎರಡನೆಯದು ಪೆಟ್ಟಿಗೆಯ ಪಾಠ. ನಾನು ಹತ್ತನೆಯ ಇಯತ್ತೆಯಲ್ಲಿದ್ದೆ. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಪುಸ್ತಕ ಕೊಂಡು ಮಧ್ಯಾಹ್ನ ತಿರುಗಿ ಬರುತ್ತಿದ್ದೆವು. ಬೇಸಿಗೆ ಶುರುವಾಗಿತ್ತು. ಮಹಾಗಾಂವ ಕ್ರಾಸ್ ಹತ್ತಿರ ಬಂದಾಗ ಬ್ಯಾಟರಿಯ ಕೆಂಪು ದೀಪ ಒಮ್ಮೆಲೇ ಹತ್ತಿತು. ನಾನು ವಿಜ್ಞಾನದಲ್ಲಿ ಜಾಣ ಎಂದು ಹೆಸರು ಮಾಡಿದ್ದೆ. "ಮುತ್ಯಾ, ಚಾರ್ಜ್ ಆಗ್ಲತ್ತಿಲ್ಲ ಅಷ್ಟೇ. ಬ್ಯಾಟರಿ ತುಂಬೇದ. ಹಗಲು ಅದ, ಲೈಟ್ ಹಾಕೋದು ಬ್ಯಾಡ. ಆರಾಮ ಊರು ಮುಟ್ತೀವಿ" ಎಂದೆ.

ಮುತ್ಯಾ ಏನೂ ಹೇಳದೆ ಬಿಸಿಯ ಮುಳ್ಳಿನ ಕಡೆ ಬೆರಳು ತೋರಿಸಿದರು. ಯಾವಾಗಲೂ ನಡುವೆ ನಿಲ್ಲುತ್ತಿದ್ದ ಮುಳ್ಳು ಮೇಲೆ ಏರುತ್ತಿತ್ತು. ಗಾಡಿಯನ್ನು ಬೇವಿನ ಮರದ ನೆರಳಿಗೆ ಒಯ್ದು ಎಂಜಿನ್ ಬಂದ್ ಮಾಡಿದರು.

ಬಾನೆಟ್ ಎತ್ತಿದರೆ ಬೆಲ್ಟ್ ಹರಿದು ನೇತಾಡುತ್ತಿತ್ತು. ಆ ಕಾರಿನಲ್ಲಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ, ಎಂಜಿನ್ ಸುತ್ತ ನೀರು ಹರಿಸುವ ಪಂಪನ್ನೂ ತಿರುಗಿಸುವುದು ಅದೇ ಒಂದು ಬೆಲ್ಟು. ಅದು ಹರಿದರೆ ಮೊದಲು ಹತ್ತುವುದು ಬ್ಯಾಟರಿಯ ದೀಪ, ಆದರೆ ಮೊದಲು ಸಾಯುವುದು ಬ್ಯಾಟರಿಯಲ್ಲ. ಬ್ಯಾಟರಿ ಹಗಲಲ್ಲಿ ಇನ್ನೂ ಬಹಳ ದೂರ ಒಯ್ಯುತ್ತಿತ್ತು. ನೀರು ನಿಂತ ಎಂಜಿನ್ ನಮ್ಮ ಬಿಸಿಲಿನಲ್ಲಿ ಕೆಲವೇ ಕಿಲೋಮೀಟರಿನಲ್ಲಿ ಕುದಿಯುತ್ತಿತ್ತು. ಅದರ ಮೇಲಿನ ಹೆಡ್ ಅಲ್ಯೂಮಿನಿಯಂನದು, ಅತಿ ಬಿಸಿಯಾದರೆ ಸೊಟ್ಟಗಾಗುತ್ತದೆ. ನಾನು ದೀಪದ ಚಿತ್ರವನ್ನು ಓದಿದ್ದೆ. ಆ ದೀಪಕ್ಕೆ ಯಾವುದರ ಜೊತೆ ಸಂಬಂಧ ಇದೆ ಎಂಬುದನ್ನು ಓದಿರಲಿಲ್ಲ.

ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೋದ ನನ್ನನ್ನು ಮುತ್ಯಾ ಗದರಿಸಿ ಹಿಂದಕ್ಕೆ ಎಳೆದರು. ಒಳಗೆ ಒತ್ತಡದಲ್ಲಿ ಕುದಿಯುವ ನೀರು ಮುಚ್ಚಳ ಸಡಿಲಾದರೆ ಮುಖಕ್ಕೆ ಹಾರುತ್ತದೆ. ಮುಟ್ಟಿದರೆ ಕೈ ಸುಡದಷ್ಟು ಆರುವವರೆಗೆ, ಒಂದು ತಾಸು, ಮರದ ಕೆಳಗೆ ಆಯಿ ಕಟ್ಟಿಕೊಟ್ಟಿದ್ದ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಡಿಕ್ಕಿಯಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿದ ಹೊಸ ಬೆಲ್ಟು ಇತ್ತು. ಪಾನಾದಿಂದ ಆಲ್ಟರ್ನೇಟರಿನ ಬೋಲ್ಟ್ ಸಡಿಲಿಸಿ, ಬೆಲ್ಟ್ ಹಾಕಿ, ಎಳೆದು ಹಿಡಿದು ಬಿಗಿ ಮಾಡಿದರು. ಹೆಬ್ಬೆರಳಿನಿಂದ ಬೆಲ್ಟಿನ ನಡುವೆ ಒತ್ತಿ ನನಗೂ ತೋರಿಸಿದರು. ಸುಮಾರು ಒಂದು ಸೆಂಟಿಮೀಟರ್ ತಗ್ಗಬೇಕು. ಹೆಚ್ಚು ತಗ್ಗಿದರೆ ಜಾರುತ್ತದೆ, ತಗ್ಗದಿದ್ದರೆ ಬೇರಿಂಗ್ ತಿನ್ನುತ್ತದೆ.

"ಮುಂಜಾನಿ ಚಾಲೂ ಮಾಡಿದಾಗ ಎಂಟು ದಿನದಿಂದ ಕಿರ್ರ್ ಅಂತಿತ್ತು ನೋಡು, ಅದೇ ಇದು. ದೀಪ ಹತ್ತೋಕಿಂತ ಮೊದಲೇ ಅದು ಹೇಳ್ಲತ್ತಿತ್ತು. ನಾಳಿ ಹಾಕ್ದ್ರಾಯ್ತು ಅಂತ ನಾನೇ ಬಿಟ್ಟಿದ್ದೆ" ಎಂದರು. ತಪ್ಪು ತಮ್ಮದೆಂದು ಹೇಳಲು ಮುತ್ಯಾ ಎಂದೂ ಹಿಂದೆ ಮುಂದೆ ನೋಡಿದವರಲ್ಲ ಎಂದು ನಾನು ತಿಳಿದಿದ್ದೆ. ಆ ಮಾತಿಗೆ ಮತ್ತೆ ಬರುತ್ತೇನೆ.

ಮೂರನೆಯದು ಕೋಲಿನ ದೀಪ. ನಾನು ಕಲಬುರಗಿಯಲ್ಲಿ ಪಿಯುಸಿ ಓದುವಾಗ, ಹ್ಯಾಂಡ್ ಬ್ರೇಕ್ ಬಿಟ್ಟರೂ ಆ ದೀಪ ಒಮ್ಮೊಮ್ಮೆ ಹತ್ತಿ ಆರತೊಡಗಿತು. ಪೇಟೆಯಲ್ಲಿ ನನ್ನ ಗೆಳೆಯನೊಬ್ಬ ಬಾನೆಟ್ ಎತ್ತಿ, ಬ್ರೇಕ್ ಆಯಿಲ್ ಡಬ್ಬಿ ಕೆಳಗಿನ ಗೆರೆಗೆ ಬಂದಿದೆ ಎಂದು ಹೇಳಿ, ಒಂದಿಷ್ಟು ಸುರಿದು ಮೇಲಿನ ಗೆರೆಗೆ ತಂದ. ದೀಪ ಆರಿತು. ಐದು ನಿಮಿಷದ ಕೆಲಸ. ನಾನು ಮನೆಗೆ ಬಂದು ಹೆಮ್ಮೆಯಿಂದ ಹೇಳಿದೆ.

ಮುತ್ಯಾ ಅವತ್ತು ಸಂಜೆಯೇ ಜ್ಯಾಕ್ ಹಾಕಿ ಮುಂದಿನ ಗಾಲಿ ಬಿಚ್ಚಿದರು. ಬ್ರೇಕ್ ಪ್ಯಾಡು ಸವೆದು ಎರಡು ಚಪಾತಿಯಷ್ಟು ದಪ್ಪ ಉಳಿದಿತ್ತು. ಬ್ರೇಕ್ ಆಯಿಲ್ ಮುಚ್ಚಿದ ವ್ಯವಸ್ಥೆಯಲ್ಲಿ ಇರುವಂಥದ್ದು, ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವುದಿಲ್ಲ. ಡಬ್ಬಿಯಲ್ಲಿ ಅದು ಇಳಿಯಲು ಎರಡೇ ಕಾರಣ. ಒಂದು, ಎಲ್ಲೋ ಸೋರುತ್ತಿರಬೇಕು. ಇಲ್ಲವೇ ಪ್ಯಾಡು ಸವೆದಿರಬೇಕು. ಪ್ಯಾಡು ಸವೆದಷ್ಟೂ ಅದನ್ನು ಒತ್ತುವ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಜಾಗವನ್ನು ಆಯಿಲ್ ತುಂಬುತ್ತದೆ, ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಸೋರಿಕೆ ಇದ್ದರೆ ಗಾಲಿಯ ಒಳಬದಿ ಹಸಿಯಾಗಿ ಕಾಣುತ್ತದೆ, ಪೆಡಲು ಮೆತ್ತಗಾಗಿ ಕೆಳಗೆ ಹೋಗುತ್ತದೆ. ನಮ್ಮಲ್ಲಿ ಗಾಲಿ ಒಣಗಿತ್ತು, ಪೆಡಲು ಗಟ್ಟಿ ಇತ್ತು. ಹಾಗಾದರೆ ಪ್ಯಾಡೇ.

"ನೀ ಏನು ಮಾಡ್ದಿ ಗೊತ್ತದ? ಬೆಂಕಿ ಬಿದ್ದದ ಅಂತ ಒಬ್ಬಾಂವ ಕೂಗ್ಲತ್ತಿದ್ರ ಅವನ ಬಾಯಾಗ ಬೆಲ್ಲ ಇಟ್ಟಿ" ಎಂದರು. ಪ್ಯಾಡ್ ಬದಲಿಸಿದರು. ಪಿಸ್ಟನ್ ಹಿಂದಕ್ಕೆ ಒತ್ತಿದಾಗ, ನನ್ನ ಗೆಳೆಯ ಸುರಿದ ಆಯಿಲ್ ಡಬ್ಬಿಯಿಂದ ಉಕ್ಕಿ ಹೊರಗೆ ಚೆಲ್ಲಿತು. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ. ಅದು ಬಿದ್ದ ಜಾಗದಲ್ಲಿ ಬಾನೆಟ್ ಒಳಗಿನ ಬಿಳಿ ಬಣ್ಣ ಎದ್ದು ಹೋಯಿತು. ಆ ಕಲೆ ಕೊನೆಯವರೆಗೂ ಹಾಗೇ ಉಳಿಯಿತು.

ಇಷ್ಟೆಲ್ಲ ಕಲಿತವನು ಜಾಣನಾಗಿರಬೇಕು ಎಂದು ನೀವು ತಿಳಿದಿರಬಹುದು. ಈಗ ನನ್ನ ತಪ್ಪನ್ನು ಹೇಳುತ್ತೇನೆ. ಇದನ್ನು ಹೇಳಬೇಕೆಂದೇ ಇವತ್ತು ಬಂದದ್ದು.

2008ನೆಯ ಇಸವಿ. ನಾನು ಕಲಬುರಗಿಯಲ್ಲಿ ಬಿಇ ಓದುತ್ತಿದ್ದೆ. ಲೈಸೆನ್ಸ್ ಆಗಿತ್ತು. ಮುತ್ಯಾ ಆಗೀಗ ಕಾರನ್ನು ನನ್ನ ಕೈಗೆ ಕೊಡುತ್ತಿದ್ದರು. ಒಂದು ಶನಿವಾರ ಸಂಜೆ ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟೆ. ಹಿಂದೆ ಹಾಡು, ನಗೆ. ಕುರಿಕೋಟಾ ಸೇತುವೆ ದಾಟಿದ ಮೇಲೆ, ಒಂದು ತಿರುವಿನಲ್ಲಿ, ಎಣ್ಣೆ ಗಿಂಡಿ ಒಮ್ಮೆ ಮಿನುಗಿ ಆರಿತು. ಮುಂದಿನ ತಿರುವಿನಲ್ಲಿ ಮತ್ತೆ ಮಿನುಗಿತು. ಹಿಂದೆ ಒಮ್ಮೆ ಆ ಬಲ್ಬ್ ಕೆಟ್ಟಿತ್ತಲ್ಲ, ಅಲ್ಲೇ ವೈರ್ ಸಡಿಲಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಒಳ್ಳೆಯ ಕಾರಣ ಸಿಕ್ಕಿತು, ಸಮಾಧಾನ ಆಯಿತು.

ತಿರುವಿನಲ್ಲಿ ಮಾತ್ರ ಮಿನುಗಿದರೆ ಅದರ ಅರ್ಥ ಬೇರೆ. ಆ ಎಂಜಿನ್ನಿನ ತಳದ ತೊಟ್ಟಿಯಲ್ಲಿ ಸುಮಾರು ಮೂರು ಲೀಟರ್ ಆಯಿಲ್ ಇರಬೇಕು. ಅದು ಬಹಳ ಇಳಿದಿದ್ದರೆ, ತಿರುವಿನಲ್ಲಿ ಅಥವಾ ಏರಿನಲ್ಲಿ ಆಯಿಲ್ ಒಂದು ಬದಿಗೆ ಸರಿಯುತ್ತದೆ, ಹೀರುವ ಕೊಳವೆಯ ಬಾಯಿಗೆ ಗಾಳಿ ಸಿಗುತ್ತದೆ, ಒತ್ತಡ ಬೀಳುತ್ತದೆ. ನೇರ ರಸ್ತೆ ಬಂದಾಗ ಮತ್ತೆ ಆಯಿಲ್ ಸಿಗುತ್ತದೆ, ದೀಪ ಆರುತ್ತದೆ. ನಾನು ಅಲ್ಲೇ ನಿಂತು ಗೇಜ್ ಕಡ್ಡಿ ಎಳೆದು ನೋಡಿದ್ದರೆ ಎಲ್ಲ ತಿಳಿಯುತ್ತಿತ್ತು. ನಿಲ್ಲಲಿಲ್ಲ. ಊರು ಇನ್ನೇನು ನಾಲ್ಕು ಕಿಲೋಮೀಟರ್ ಇರುವಾಗ ದೀಪ ಹತ್ತಿತು, ಈ ಸಲ ಆರಲಿಲ್ಲ. ಮನೆಗೆ ಹೋಗಿಯೇ ನೋಡಿದರಾಯಿತು ಎಂದುಕೊಂಡೆ.

ಎಂಜಿನ್ನಿನ ಒಳಗೆ ಕ್ರ್ಯಾಂಕ್ ಎಂಬ ದಪ್ಪ ಕಬ್ಬಿಣದ ದಂಡ ಬೇರಿಂಗಿನ ಮೇಲೆ ತಿರುಗುತ್ತದೆ. ನಿಜವಾಗಿ ಅದು ಬೇರಿಂಗನ್ನು ಮುಟ್ಟುವುದಿಲ್ಲ, ನಡುವೆ ಇರುವ ಆಯಿಲಿನ ತೆಳು ಪದರದ ಮೇಲೆ ತೇಲುತ್ತದೆ. ಒತ್ತಡ ಹೋದರೆ ಪದರ ಹೋಗುತ್ತದೆ, ಲೋಹಕ್ಕೆ ಲೋಹ ಉಜ್ಜುತ್ತದೆ. ಮೊದಲು ಟಕ್ ಟಕ್ ಎಂಬ ಸಪ್ಪಳ ಬಂತು. ಗೆಳೆಯರು ಹಾಡು ಬಂದ್ ಮಾಡಿದರು. ಸಪ್ಪಳ ದೊಡ್ಡದಾಯಿತು, ಗಾಡಿ ಎಳೆಯದಾಯಿತು, ಒಂದು ಜರ್ಕು ಹೊಡೆದು ನಿಂತಿತು. ಮತ್ತೆ ಕೀಲಿ ತಿರುಗಿಸಿದರೆ ಎಂಜಿನ್ ಅಲುಗಾಡಲಿಲ್ಲ. ಜಾಮ್ ಆಗಿತ್ತು.

ಪಕ್ಕದ ಮನೆಯವರ ಮೋಟರ್ ಸೈಕಲ್ಲಿನ ಹಿಂದೆ ಕುಳಿತು ಮುತ್ಯಾ ಬಂದರು. ಗೇಜ್ ಕಡ್ಡಿ ಎಳೆದು, ಧೋತರದ ಚುಂಗಿನಿಂದ ಒರೆಸಿ, ಮತ್ತೆ ಹಾಕಿ ಎಳೆದರು. ಬೆರಳಿನಿಂದ ಮುಟ್ಟಿ ನೋಡಿದರು. ಒಣಗಿತ್ತು. ಬಹಳ ಹೊತ್ತು ಆ ಕಡ್ಡಿಯನ್ನು ಹಿಡಿದುಕೊಂಡೇ ನಿಂತರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ದೀಪ ಯಾವಾಗ ಹತ್ತಿತು?"

ನಾನು ಹೇಳಿದೆ: "ಹತ್ತಲೇ ಇಲ್ಲ, ಮುತ್ಯಾ."

ಅವರು ಒಳಗೆ ಕುಳಿತು ಕೀಲಿಯನ್ನು ಅರ್ಧ ತಿರುಗಿಸಿದರು. ಮೂರು ದೀಪಗಳೂ ಹತ್ತಿದವು. ಎಣ್ಣೆ ಗಿಂಡಿಯೂ ಸ್ವಚ್ಛವಾಗಿ ಹತ್ತಿತು. ಅವರು ನನ್ನ ಮುಖ ನೋಡಲಿಲ್ಲ, ಏನೂ ಅನ್ನಲಿಲ್ಲ. ಕೀಲಿ ತೆಗೆದುಕೊಂಡು ಇಳಿದರು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗಾಡಿಯನ್ನು ಊರಿಗೆ ಎಳೆಸಿದೆವು.

ಕಪನೂರಿನ ಕಡೆಯ ಒಂದು ಗ್ಯಾರೇಜಿನಲ್ಲಿ ಎಂಜಿನ್ ಇಳಿಸಿದರು. ತೊಟ್ಟಿಯಿಂದ ಬಂದ ಆಯಿಲ್ ಒಂದು ಲೀಟರೂ ಇರಲಿಲ್ಲ. ಕ್ರ್ಯಾಂಕನ್ನು ಸಾಣೆ ಹಿಡಿಸಿ, ಹೊಸ ಬೇರಿಂಗ್, ಹೊಸ ರಿಂಗ್ ಹಾಕಿ ಗಾಡಿ ಹೊರಗೆ ಬರಲು ಇಪ್ಪತ್ತು ದಿನ ಹಿಡಿಯಿತು. ಹದಿನಾಲ್ಕು ಸಾವಿರ ರೂಪಾಯಿ ಖರ್ಚಾಯಿತು. ಮುತ್ಯಾ ತಮ್ಮ ಪಿಂಚಣಿಯಿಂದ ಕೊಟ್ಟರು. ಗ್ಯಾರೇಜಿನ ಮೇಸ್ತ್ರಿಗೆ ನಮ್ಮೂರ ಕೆಂಬಾಳೆಯ ಒಂದು ಹಣಿಗೆಯನ್ನೂ ಒಯ್ದುಕೊಟ್ಟರು. ನನಗೆ ಮಾತ್ರ ಏನೂ ಕೇಳಲಿಲ್ಲ. ಕೇಳಿದ್ದರೆ ಹಗುರಾಗುತ್ತಿತ್ತು.

ಇನ್ನು ಉಳಿದದ್ದು ನೀಲಿ ದೀಪ. ಗಾಡಿ ರಿಪೇರಿಯಾಗಿ ಒಂದು ತಿಂಗಳಿಗೆ, ಕಲಬುರಗಿಯಲ್ಲಿ ಸಂಬಂಧಿಕರ ಮದುವೆ ಮುಗಿಸಿ ರಾತ್ರಿ ತಿರುಗಿ ಬರುತ್ತಿದ್ದೆವು. "ನೀನೇ ಹೊಡಿ" ಎಂದು ಮುತ್ಯಾ ಕೀಲಿ ಕೊಟ್ಟರು. ರಾತ್ರಿ ಗಾಡಿಯನ್ನು ಅವರು ಬೇರೆಯವರ ಕೈಗೆ ಕೊಟ್ಟದ್ದು ನಾನು ನೋಡಿದ್ದು ಅದೇ ಮೊದಲು. ಎದುರಿನಿಂದ ಲಾರಿಗಳು ಬರುತ್ತಿದ್ದವು. ಪ್ರತಿ ಲಾರಿಗೂ ಮುತ್ಯಾ ಕೈಯನ್ನು ಕಣ್ಣಿಗೆ ಅಡ್ಡ ಹಿಡಿಯುತ್ತಿದ್ದರು. ನಾನು ಹೈ ಬೀಮ್ ಹಾಕಿಯೇ ಓಡಿಸುತ್ತಿದ್ದೆ.

"ನೀಲಿ ಹತ್ಯಾದ ನೋಡು" ಎಂದರು. ನಾನು ಡಿಪ್ ಮಾಡಿದೆ.

ಸ್ವಲ್ಪ ಹೊತ್ತಿನ ಮೇಲೆ ತಾವೇ ಹೇಳಿದರು: "ಕೆಂಪು ಮೂರೂ ನಮ್ಮ ಗಾಡಿ ಸುದ್ದಿ ಹೇಳ್ತಾವ. ಈ ನೀಲಿ ನಮ್ಮ ಗಾಡಿದು ಏನೂ ಹೇಳಲ್ಲ. ಎದುರಿಗಿ ಬರಾಂವಗ ಏನೂ ಕಾಣಸ್ಲತ್ತಿಲ್ಲ ಅಂತ ಹೇಳ್ತದ. ಅಂವ ಕುರುಡ ಆದ್ರ ನಮ್ಮ ಮ್ಯಾಲೇ ಬರ್ತಾನ." ಮತ್ತೆ ಸುಮ್ಮನಾದರು. ಆಮೇಲೆ ನಿಧಾನವಾಗಿ, "ನನಗ ಈಗ ಎರಡು ವರ್ಷ ಆಯ್ತು, ಬೆಳಕು ಬಿದ್ರ ಎಲ್ಲಾ ಬಿಳಿ ಆಗ್ತದ" ಎಂದರು.

ನಾನು ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ಮುತ್ಯಾನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಸುಕಾದ ಮಸೂರದೊಳಗೆ ಎದುರಿನ ಬೆಳಕು ಚದುರಿ ಕಣ್ಣ ತುಂಬ ಹರಡುತ್ತದೆ, ಹಗಲಿಗಿಂತ ರಾತ್ರಿ ಹೆಚ್ಚು ತ್ರಾಸ. ಎರಡು ವರ್ಷ ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಗಾಡಿ ಓಡಿಸಬೇಡ ಎನ್ನುತ್ತಾರೆಂದು.

ಆಗ ನನ್ನ ಬಾಯಿಂದ ಬಂತು: "ಮುತ್ಯಾ, ಅವತ್ತು ದೀಪ ಹತ್ತಿತ್ತು. ಕುರಿಕೋಟಾದಿಂದನೇ ಮಿನುಗ್ಲತ್ತಿತ್ತು. ನಾ ಸುಳ್ಳು ಹೇಳಿದೆ."

"ಗೊತ್ತದ" ಎಂದರು. "ಕೀಲಿ ತಿರುವಿದಾಗೇ ಗೊತ್ತಾಯ್ತು. ನಾ ಯಾಕ ಕೇಳಲಿಲ್ಲ ಗೊತ್ತದೇನು? ಪ್ರತಿ ಆಯಿತವಾರ ಗೇಜ್ ಕಡ್ಡಿ ನೋಡೋದು ನನ್ನ ಕೆಲಸ. ಎರಡು ಗೆರಿ ನಡುವ ಎಣ್ಣಿ ಅದ ಅಂತ ಪ್ರತಿ ವಾರ ನೋಡೀನಿ. ಕಣ್ಣಿಗಿ ಗೆರಿನೇ ಕಾಣ್ತಿರಲಿಲ್ಲ. ಕಡ್ಡಿ ಹಸಿ ಅದ, ಸಾಕು ಅಂತ ಹಾಕ್ತಿದ್ದೆ. ನಿಂದು ಒಂದು ದಿನದ ಸುಳ್ಳು, ನಂದು ಎರಡು ವರ್ಷದ್ದು. ನಿನಗ ಯಾವ ಬಾಯಿಲೆ ಬೈಲಿ?"

ಆ ರಾತ್ರಿ ಇಬ್ಬರೂ ಮನೆಗೆ ಬಂದು ಆಯಿಗೆ ಎಲ್ಲವನ್ನೂ ಹೇಳಿದೆವು. ಆ ಚಳಿಗಾಲದಲ್ಲಿ ಕಲಬುರಗಿಯಲ್ಲಿ ಒಂದಾದ ಮೇಲೆ ಒಂದರಂತೆ ಎರಡೂ ಕಣ್ಣಿನ ಆಪರೇಶನ್ ಆಯಿತು. ಪಟ್ಟಿ ಬಿಚ್ಚಿ ಮನೆಗೆ ಬಂದ ಮಾರನೆಯ ದಿನ ಮುತ್ಯಾ ಮೊದಲು ಮಾಡಿದ ಕೆಲಸ ಗೇಜ್ ಕಡ್ಡಿ ಎಳೆದು ನೋಡಿದ್ದು. ನನ್ನನ್ನು ಕರೆದು ಅದರ ಮೇಲಿನ ಎರಡು ಗೆರೆಗಳನ್ನು ತೋರಿಸಿ, "ಎಷ್ಟು ಛಂದ ಕಾಣ್ತಾವ ನೋಡು" ಎಂದರು.

ಆ ಆಯಿಲ್ ಗೇಜ್ ಕಡ್ಡಿಯ ಬಗ್ಗೆ ವಿದ್ಯಾರ್ಥಿಗಳಿಗೆ ಒಂದು ಮಾತು. ಆಯಿಲ್ ದೀಪ ಹೇಳುವುದು ಒತ್ತಡವನ್ನು, ಎಷ್ಟು ಆಯಿಲ್ ಇದೆ ಎಂಬುದನ್ನಲ್ಲ. ಆಯಿಲ್ ಅರ್ಧ ಲೀಟರ್ ಕಡಿಮೆಯಾದರೂ ದೀಪ ಸುಮ್ಮನೇ ಇರುತ್ತದೆ. ಅದು ಹತ್ತುವ ಹೊತ್ತಿಗೆ ನಮ್ಮ ಕೈಯಲ್ಲಿ ಉಳಿದಿರುವುದು ಗಾಡಿ ನಿಲ್ಲಿಸುವಷ್ಟು ಸಮಯ ಮಾತ್ರ. ಅದಕ್ಕೇ ಆ ದೀಪ ಹತ್ತಿದರೆ ಮುಂದಿನ ಊರು, ಮುಂದಿನ ಪಂಪು ಎಂದು ಲೆಕ್ಕ ಹಾಕಬಾರದು. ಸುರಕ್ಷಿತವಾಗಿ ಬದಿಗೆ ಸರಿದು ಎಂಜಿನ್ ಬಂದ್ ಮಾಡಬೇಕು. ದೀಪ ಹತ್ತದಂತೆ ನೋಡಿಕೊಳ್ಳುವುದು ವಾರಕ್ಕೊಮ್ಮೆ, ಸಮನೆಲದಲ್ಲಿ, ಎಂಜಿನ್ ಆರಿದಾಗ, ಕಡ್ಡಿ ಎಳೆದು ನೋಡುವವನ ಕೆಲಸ.

ಈಗ ನನ್ನ ಉದ್ಯೋಗದ ಬಗ್ಗೆ ಎರಡು ಮಾತು ಹೇಳಿ ಮುಗಿಸುತ್ತೇನೆ. ನಾನು ಕೆಲಸ ಮಾಡುವ ಕಡೆ ನೂರಾರು ಸರ್ವರ್‌ಗಳಿವೆ. ಪ್ರತಿಯೊಂದಕ್ಕೂ ಇಂಥವೇ ದೀಪಗಳು. ಡಿಸ್ಕ್ ತುಂಬಿದರೆ, ರಾತ್ರಿಯ ಬ್ಯಾಕಪ್ ಆಗದಿದ್ದರೆ ನಮಗೆ ಒಂದು ಸಂದೇಶ ಬರುತ್ತದೆ. ಹೊಸದಾಗಿ ಸೇರಿದ ವರ್ಷ ನನಗೆ ಒಂದು ವಿಭಾಗವನ್ನು ಕೊಟ್ಟಾಗ, ಇದು ಬಹಳ ಶಾಂತ, ಮೂರು ವಾರದಿಂದ ಒಂದೂ ಎಚ್ಚರಿಕೆ ಬಂದಿಲ್ಲ ಎಂದರು. ನನಗೆ ಮುತ್ಯಾ ನೆನಪಾದರು. ಬೇಕೆಂದೇ ಒಂದು ಸುಳ್ಳು ದೋಷವನ್ನು ಮಾಡಿ ನೋಡಿದೆ. ಸಂದೇಶ ಬರಲಿಲ್ಲ. ಸಂದೇಶ ಕಳಿಸುವ ಪ್ರೋಗ್ರಾಂ ಮೂರು ವಾರದ ಹಿಂದೆಯೇ ನಿಂತುಹೋಗಿತ್ತು, ಅದರ ಜೊತೆ ಎರಡು ಸರ್ವರ್‌ಗಳ ಬ್ಯಾಕಪ್ ಕೂಡ. ಅಂದಿನಿಂದ ಇಂದಿನವರೆಗೆ ಪ್ರತಿ ಸೋಮವಾರ ಮುಂಜಾನೆ ನಮ್ಮ ತಂಡ ಬೇಕೆಂದೇ ಪ್ರತಿ ದೀಪವನ್ನೂ ಒಮ್ಮೆ ಹತ್ತಿಸಿ ನೋಡುತ್ತದೆ. ಹುಡುಗರು ಅದನ್ನು 'ಅರ್ಧ ಕೀಲಿ' ಎನ್ನುತ್ತಾರೆ. ಆ ಹೆಸರು ಎಲ್ಲಿಂದ ಬಂತೆಂದು ಅವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ತಪ್ಪಾದಾಗ ನಾನು ಕೇಳುವ ಪ್ರಶ್ನೆಯೂ ಮುತ್ಯಾನದೇ. ದೀಪ ಯಾವಾಗ ಹತ್ತಿತು? ಉತ್ತರ ಹೇಳಿದವನಿಗೆ ಬೈಯುವುದಿಲ್ಲ. ಬೈದರೆ ಮುಂದಿನ ಸಲ ಅವನೂ "ಹತ್ತಲೇ ಇಲ್ಲ" ಎನ್ನುತ್ತಾನೆ. ಅದು ನನ್ನ ಅನುಭವ.

ಮುತ್ಯಾ ಈಗಿಲ್ಲ. ಗಾಡಿಯೂ ಮೋಡಕಾಕ್ಕೆ ಹೋಯಿತು. ಒಯ್ಯುವ ಮೊದಲು ನಾನು ಅದರ ಮುಳ್ಳು, ದೀಪಗಳಿದ್ದ ಪೆಟ್ಟಿಗೆಯನ್ನೂ, ಎಂಜಿನ್ನಿನ ಆ ಆಯಿಲ್ ಸ್ವಿಚ್ಚನ್ನೂ ಬಿಚ್ಚಿಟ್ಟುಕೊಂಡಿದ್ದೆ. ಅವನ್ನು ಒಂದು ಹಲಗೆಗೆ ಕೂರಿಸಿ, 12 ವೋಲ್ಟ್ ಬ್ಯಾಟರಿಗೆ ಜೋಡಿಸಿ, ಇವತ್ತು ನಮ್ಮ ಶಾಲೆಯ ವಿಜ್ಞಾನ ಕೋಣೆಗೆ ತಂದಿದ್ದೇನೆ. ಸ್ವಿಚ್ಚಿಗೆ ಸೈಕಲ್ ಪಂಪಿನ ನಳಿಕೆ ಜೋಡಿಸಿದ್ದೇನೆ. ಗಾಳಿ ಒತ್ತಿದರೆ ಎಣ್ಣೆ ಗಿಂಡಿ ಆರುತ್ತದೆ, ಬಿಟ್ಟರೆ ಹತ್ತುತ್ತದೆ. ವಿದ್ಯುನ್ಮಂಡಲದ ಪಾಠ ಬಂದಾಗ ಮಕ್ಕಳು ಅದನ್ನು ಬಿಚ್ಚಿ ನೋಡಲಿ, ಕೆಟ್ಟರೆ ಕೆಡಲಿ. ಗುರುಗಳಲ್ಲಿ ಒಂದೇ ವಿನಂತಿ. ಪಾಠ ಶುರು ಮಾಡುವ ಮೊದಲು ಕೀಲಿಯನ್ನು ಅರ್ಧ ತಿರುಗಿಸಿ, ಎಷ್ಟು ಹತ್ತಿವೆ ಎಂದು ಮಕ್ಕಳನ್ನು ಕೇಳಬೇಕು. ಮೂರು ಹತ್ತಬೇಕು.